ಆರನೇ ಸಾಲಿನಲ್ಲಿ ಒಂದು ಸ್ಟಿಚ್ ಹೆಚ್ಚು: ಮಗುವಿನ ಫ್ರಾಕಿನ ಯೋಕ್ ಲೆಕ್ಕ ಎಲ್ಲಿ ತಪ್ಪುತ್ತದೆ, ಹೇಗೆ ತಿದ್ದುವುದು

ಅಕ್ಕಾ,

ನೀವು ಪರೀಕ್ಷೆಗೆ ಕಳಿಸಿದ ಕ್ರೋಶೆ ಫ್ರಾಕಿನ ಯೋಕ್ ಹೆಣೆದಾಯಿತು. ಐದನೇ ಸಾಲಿನವರೆಗೆ ಎಲ್ಲ ಸರಿ ಉಂಟು. ಆರನೇ ಸಾಲನ್ನು ಬರೆದ ಹಾಗೆಯೇ ಹೆಣೆದರೆ 93 ಸ್ಟಿಚ್ ಆಗುತ್ತದೆ, ಸಾಲಿನ ಕೊನೆಗೆ ಕಂಸದಲ್ಲಿ ನೀವು ಕೊಟ್ಟದ್ದು 92. ಒಂಬತ್ತನೇ ಸಾಲಿನಲ್ಲೂ ಇದೇ ಕತೆ: ಹೆಣೆದರೆ 117, ಕಂಸದಲ್ಲಿ 116. ಎರಡು ಕಡೆಯೂ ಕಂಸದ ಮೊತ್ತ ಸರಿಯಾಗಿದೆ, ಸೂಚನೆಯ ಮೊದಲ ಸಂಖ್ಯೆ ತಪ್ಪಿದೆ. ಆರರಲ್ಲಿ 13 ಇದ್ದಲ್ಲಿ 12 ಆಗಬೇಕು, ಒಂಬತ್ತರಲ್ಲಿ 16 ಇದ್ದಲ್ಲಿ 15.

ನಿಮಗೆ ಅವಸರ ಇದ್ದರೆ ಇಷ್ಟು ತಿದ್ದಿದರೆ ಸಾಕು. ಆದರೆ ಪ್ಯಾಟರ್ನ್ ಈಗಾಗಲೇ ನಾಲ್ಕಾರು ಜನರ ಕೈಯಲ್ಲಿದೆ, ಅವರಲ್ಲಿ ಕೆಲವರು ಬೇರೆ ಬೇರೆ ಸಾಲಿನಲ್ಲಿ ತೊಂದರೆ ಇದೆ ಎನ್ನುತ್ತಿದ್ದಾರೆ. ಒಬ್ಬರಿಗೆ ಏಳನೇ ಸಾಲು, ಇನ್ನೊಬ್ಬರಿಗೆ ಹನ್ನೆರಡನೆಯದು. ಎಲ್ಲದರ ಬೇರು ಇದೇ ಎಂದು ನನಗೆ ಖಾತ್ರಿ. ಅದಕ್ಕೆ ಹುಡುಕಿದ ದಾರಿಯನ್ನು ಪೂರ್ತಿ ಬರೆಯುತ್ತೇನೆ, ಅವರಿಗೂ ಕಳಿಸಬಹುದು.

ಮೊದಲು ಯೋಕಿನ ಲೆಕ್ಕ

ಯೋಕ್ ಕುತ್ತಿಗೆಯಿಂದ ಕೆಳಗೆ, ಬೆನ್ನಿನಲ್ಲಿ ಗುಂಡಿಗೆ ಬಿರುಕು ಬಿಟ್ಟು, ಹಿಂದೆ ಮುಂದೆ ತಿರುಗಿಸಿಕೊಂಡು ಹೆಣೆಯುವಂಥದ್ದು. ಒಂದು ಸಾಲಿನಲ್ಲಿ ಐದು ಪಾಲು: ಬೆನ್ನಿನ ಅರ್ಧ, ತೋಳು, ಎದೆ, ತೋಳು, ಬೆನ್ನಿನ ಇನ್ನೊಂದು ಅರ್ಧ. ಪಾಲುಗಳ ನಡುವೆ ನಾಲ್ಕು ಮೂಲೆ. ಪ್ರತಿ ಮೂಲೆಯ ಕಂಡಿಯಲ್ಲಿ 1 ಡಬಲ್ ಕ್ರೋಶೆ, 2 ಚೈನ್, 1 ಡಬಲ್ ಕ್ರೋಶೆ. (ನೀವು ಬರೆದದ್ದು ಅಮೆರಿಕದ ಲೆಕ್ಕದ ಡಬಲ್. ಬ್ರಿಟಿಷ್ ಪುಸ್ತಕ ನೋಡಿ ಕಲಿತವರಿಗೆ ಅದು ಟ್ರೆಬಲ್. ಪ್ಯಾಟರ್ನಿನ ತಲೆಯಲ್ಲಿ ಇದೊಂದು ಮಾತು ಹಾಕಿಬಿಡಿ, ನಮ್ಮ ಕಡೆ ಎರಡೂ ರೀತಿಯವರು ಇದ್ದಾರೆ.)

ಒಂದು ಮೂಲೆಯಿಂದ ಎರಡು ಡಬಲ್ ಹೊಸದಾಗಿ ಹುಟ್ಟುತ್ತವೆ, ಆಚೆ ಪಾಲಿಗೆ ಒಂದು, ಈಚೆ ಪಾಲಿಗೆ ಒಂದು. ಹಾಗಾಗಿ ಸಾಲಿಗೆ ಎಂಟರಂತೆ ಏರಬೇಕು. ನಿಮ್ಮ ಕಂಸಗಳು ಹಾಗೆಯೇ ಇವೆ: ಮೊದಲ ಸಾಲಿಗೆ 52, ಆಮೇಲೆ 60, 68, 76, 84, 92, 100, 108, 116, ಹತ್ತನೆಯದಕ್ಕೆ 124. ಎಲ್ಲಿಯೂ ಏಳೂ ಇಲ್ಲ, ಒಂಬತ್ತೂ ಇಲ್ಲ. ಮೊತ್ತಗಳ ಮೇಲೆ ನನಗೆ ಸಂಶಯ ಬಾರದ್ದು ಇದರಿಂದ.

ಎಣಿಸುವವರಿಗೆ ಒಂದು ಎಚ್ಚರಿಕೆ. ಈ ಮೊತ್ತಗಳಲ್ಲಿ ಮೂಲೆಯ ಚೈನ್‌ಗಳು ಸೇರಿಲ್ಲ. ಅವನ್ನೂ ಸೇರಿಸಿ ಎಣಿಸಿದರೆ ನಾಲ್ಕು ಮೂಲೆಗೆ ಎಂಟು ಹೆಚ್ಚಾಗಿ, ಸರಿಯಾಗಿ ಮುಂದಿನ ಸಾಲಿನ ಸಂಖ್ಯೆಯೇ ಬರುತ್ತದೆ. ಆರನೇ ಸಾಲಿನಲ್ಲಿ 92ಕ್ಕೆ ಎಂಟು ಕೂಡಿದರೆ 100, ಅದು ಏಳನೇ ಸಾಲಿನ ಮೊತ್ತ. ಹಾಗೆ ಎಣಿಸಿದವರು ಒಂದು ಸಾಲು ಮುಂದೆ ಹೋಗಿದ್ದೇನೆ ಎಂದುಕೊಂಡು ಸುಮ್ಮನೆ ಬಿಚ್ಚಲು ಶುರು ಮಾಡುತ್ತಾರೆ. ಒಟ್ಟು ಎಣಿಸುವುದಕ್ಕಿಂತ ಮೂಲೆಗೊಂದು ಪಿನ್ನು ಸಿಕ್ಕಿಸಿ ಪಾಲುಪಾಲಾಗಿ ಎಣಿಸುವುದೇ ಒಳ್ಳೆಯದು.

ತಪ್ಪು ಕೈಯದ್ದೋ ಬರಹದ್ದೋ

ಲೆಕ್ಕ ತಪ್ಪಿದಾಗ ಮೊದಲು ನೋಡಬೇಕಾದದ್ದು ತಪ್ಪಿದ ಸಾಲನ್ನಲ್ಲ, ಅದರ ಹಿಂದಿನ ಸಾಲನ್ನು. ಅಲ್ಲಿ ಒಂದು ಬಿಟ್ಟುಹೋಗಿದ್ದರೆ ಇಲ್ಲಿ ಪ್ಯಾಟರ್ನನ್ನು ಬೈದು ಫಲವಿಲ್ಲ. ಐದನೇ ಸಾಲನ್ನು ಪಾಲುಪಾಲಾಗಿ ಎಣಿಸಿದೆ: 13, 16, 26, 16, 13. ಒಟ್ಟು 84. ಬೆನ್ನಿನ ಎರಡು ಅರ್ಧ ಸಮ, ಎರಡು ತೋಳು ಸಮ, ಕಂಸಕ್ಕೂ ಸಮ. ಇಲ್ಲಿ ಬೆನ್ನಿನ 13 ಎಂದರೆ ಸಾಲಿನ ಸುರುವಿನ 3 ಚೈನ್ ಸೇರಿಯೇ 13. ಹೆಚ್ಚಿನವರು ಎಡವುವುದು ಆ ಚೈನ್‌ನಲ್ಲಿಯೇ. ಅಂಚಿನಲ್ಲಿ ಅದು ತೆಳ್ಳಗೆ ನಿಂತಿರುತ್ತದೆ, ಅವಸರದಲ್ಲಿ ಎಣಿಸಿದರೆ ಕಣ್ಣಿಗೆ ಬೀಳುವುದಿಲ್ಲ.

ಹಿಂದಿನ ಸಾಲು ಸರಿ ಎಂದಾದ ಮೇಲೆ ಆರನೇ ಸಾಲಿನ ಬರಹಕ್ಕೆ ಬಂದೆ. ಅದು ಹೀಗಿದೆ:

“ಸಾಲು 6: ಹೊಸ ಬಣ್ಣದ ನೂಲು ಸೇರಿಸಿ. 3 ಚೈನ್ (1 ಡಬಲ್ ಎಂದು ಲೆಕ್ಕ), ಮುಂದಿನ 13 ಡಬಲ್‌ಗಳಲ್ಲಿ ತಲಾ 1 ಡಬಲ್, ಮೂಲೆ, 16 ಡಬಲ್, ಮೂಲೆ, 26 ಡಬಲ್, ಮೂಲೆ, 16 ಡಬಲ್, ಮೂಲೆ, 13 ಡಬಲ್. (92)”

ಒಂದು ಸಾಲಿಗೆ ಎರಡು ಲೆಕ್ಕ ಉಂಟು. ಅದು ಹಿಂದಿನ ಸಾಲಿನಿಂದ ಎಷ್ಟು ಸ್ಟಿಚ್ ಬಳಸಿಕೊಳ್ಳುತ್ತದೆ ಎಂಬುದು ಒಂದು, ಎಷ್ಟು ಹೊಸದನ್ನು ಕೊಡುತ್ತದೆ ಎಂಬುದು ಇನ್ನೊಂದು. ಮೂಲೆಗಳು ಕಂಡಿಯೊಳಗೆ ಬರುವುದರಿಂದ ಹಿಂದಿನ ಸಾಲಿನ ಡಬಲ್‌ಗಳನ್ನು ಬಳಸುವುದಿಲ್ಲ. ಹೆಚ್ಚಿನವರು ಎರಡನೆಯದನ್ನು ಮಾತ್ರ ಕೂಡುತ್ತಾರೆ, ಆದರೆ ತಪ್ಪು ಯಾವ ಪಾಲಿನಲ್ಲಿ ಎಂದು ತೋರಿಸುವುದು ಮೊದಲನೆಯದು.

```
ಬಳಕೆ:   1 + 13 + 16 + 26 + 16 + 13 = 85    (ಇರುವುದು 84)
ಹುಟ್ಟು:  85 + 4 × 2 = 93                   (ಕಂಸದಲ್ಲಿ 92)
```

ಬಳಕೆಯನ್ನು ಐದನೇ ಸಾಲಿನ ಪಾಲುಗಳ ಎದುರು ಇಟ್ಟು ನೋಡಿ. ತೋಳಿಗೆ 16 ಇದೆ, 16 ಕೇಳಿದ್ದೀರಿ. ಎದೆಗೆ 26 ಇದೆ, 26 ಕೇಳಿದ್ದೀರಿ. ಕೊನೆಯ ಬೆನ್ನಿಗೆ 13 ಇದೆ, 13 ಕೇಳಿದ್ದೀರಿ. ಮೊದಲ ಬೆನ್ನಿಗೆ ಇರುವುದು 13, ಕೇಳಿದ್ದು ಮಾತ್ರ 1 ಮತ್ತು 13, ಅಂದರೆ 14. ಇಲ್ಲದ ಒಂದು ಸ್ಟಿಚ್ಚನ್ನು ಆ ಪಾಲು ಕೇಳುತ್ತಿದೆ.

ಆ ಇಲ್ಲದ ಸ್ಟಿಚ್ ಎಲ್ಲಿ ಹೋಗುತ್ತದೆ

3 ಚೈನ್ ಹಾಕಿ ಹೆಣೆಯುತ್ತಾ ಹೋದರೆ ಹನ್ನೆರಡಕ್ಕೇ ಮೂಲೆ ಬಂದುಬಿಡುತ್ತದೆ. ಹದಿಮೂರನೆಯದಕ್ಕೆ ಜಾಗ ಇಲ್ಲ. ಈಗ ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುತ್ತಾರೆ. ಸ್ವಲ್ಪ ಅನುಭವ ಇದ್ದವರು ಅದನ್ನು ಬಿಟ್ಟು ಮೂಲೆ ಹೆಣೆದು ಮುಂದೆ ಹೋಗುತ್ತಾರೆ. ಅವರಿಗೆ 92 ಬರುತ್ತದೆ, ಪ್ಯಾಟರ್ನ್ ತಪ್ಪಿದೆ ಎಂದು ಅವರಿಗೆ ಗೊತ್ತೇ ಆಗುವುದಿಲ್ಲ, ವರದಿಯೂ ಮಾಡುವುದಿಲ್ಲ. ಬರೆದದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವವರು ಕಂಡಿ ದಾಟಿ ತೋಳಿನ ಮೊದಲ ಡಬಲ್‌ಗೆ ಕಡ್ಡಿ ಚುಚ್ಚುತ್ತಾರೆ, ಆಮೇಲೆ ಮೂಲೆ ಹಾಕಬೇಕಾದ ಕಂಡಿ ಹಿಂದೆ ಉಳಿದದ್ದು ನೋಡಿ ಅಲ್ಲೇ ನಿಲ್ಲುತ್ತಾರೆ. ಬಹಳ ಮಂದಿ ಮಾಡುವುದು ಮೂರನೆಯದು: ಹದಿಮೂರನೆಯದನ್ನು ಕಂಡಿಯೊಳಗೇ ಹಾಕಿ, ಅದೇ ಕಂಡಿಯಲ್ಲಿ ಮೂಲೆಯನ್ನೂ ಹೆಣೆಯುತ್ತಾರೆ.

ಮೂರನೆಯವರನ್ನು ಗುರುತಿಸುವುದು ಸುಲಭ. ಅವರ ಆರನೇ ಸಾಲಿನ ಮೊದಲ ಮೂಲೆಯನ್ನು ಬೆಳಕಿಗೆ ಹಿಡಿಯಿರಿ. ಸರಿಯಾದ ಮೂಲೆಯಲ್ಲಿ ಕಂಡಿಯಿಂದ ಎರಡೇ ಕಾಲು ಏಳುತ್ತವೆ, 2 ಚೈನ್‌ನ ಆಚೆ ಒಂದು, ಈಚೆ ಒಂದು. ತಪ್ಪಿದ್ದರಲ್ಲಿ ಮೂರು ಕಾಲು, ಬೆನ್ನಿನ ಕಡೆಗೆ ಎರಡು, ತೋಳಿನ ಕಡೆಗೆ ಒಂದು. ಆ ಎರಡು ಒಂದಕ್ಕೊಂದು ಒತ್ತಿಕೊಂಡು ಕಂಡಿಯ ತೂತನ್ನು ತೋಳಿನ ಕಡೆಗೆ ತಳ್ಳುತ್ತವೆ. ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಇಳಿಯುವ ತೂತುಗಳ ಸಾಲು ಅಲ್ಲಿ ಚೂರು ಕೊಂಕುತ್ತದೆ. ಬಣ್ಣ ಬದಲಾಗುವ ಸಾಲೇ ಆದ್ದರಿಂದ ಕೊಂಕು ಎದ್ದು ಕಾಣುತ್ತದೆ. ಬಿಳಿಯ ಮೇಲೆ ಬಿಳಿ ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಏಳರಲ್ಲಿ ಒಂದು ಉಳಿಯುತ್ತದೆ, ಹನ್ನೆರಡರಲ್ಲಿ ಎರಡು

ಕೆಲವರು ಏಳನೇ ಸಾಲಿನ ಮೇಲೆ ದೂರು ಹೇಳುವುದು ಯಾಕೆ ಎಂದರೆ, ಕೆಲಸ ತಿರುಗಿಸಿದ ಮೇಲೆ ಆರರ ಮೊದಲ ಪಾಲು ಏಳರ ಕೊನೆಯ ಪಾಲಾಗುತ್ತದೆ. ಏಳನೇ ಸಾಲು ಕೊನೆಗೆ 14 ಕೇಳುತ್ತದೆ, ಅವರ ಕಡ್ಡಿಯ ಎದುರು ಇರುವುದು 15. 14 ಹೆಣೆದಾಗ 3 ಚೈನ್‌ನ ತಲೆ ಇನ್ನೂ ಬಾಕಿ. “ಏಳರಲ್ಲಿ ಒಂದು ಉಳಿಯುತ್ತದೆ” ಎಂದು ಅವರು ಬರೆಯುತ್ತಾರೆ. ಉಳಿದದ್ದು ನಿಜ, ಆದರೆ ಏಳನೇ ಸಾಲಿನ ಬರಹದಲ್ಲಿ ತಪ್ಪೇನೂ ಇಲ್ಲ. ಕೂಡಿ ನೋಡಿದೆ: ಬಳಕೆ 92, ಹುಟ್ಟು 100.

ಉಳಿದ ಒಂದನ್ನೂ ಹೆಣೆದು ಮುಂದುವರಿದವರಿಗೆ ಒಂಬತ್ತರಲ್ಲಿ ಮತ್ತೆ ಒಂದು ಸೇರುತ್ತದೆ. ಆರು ಸಮಸಂಖ್ಯೆ, ಒಂಬತ್ತು ಬೆಸ. ತಿರುಗಿಸಿ ತಿರುಗಿಸಿ ಹೆಣೆಯುವುದರಿಂದ ಆರನೇ ಸಾಲು ಸುರುವಾಗುವುದು ಬೆನ್ನಿನ ಒಂದು ಅರ್ಧದಿಂದ, ಒಂಬತ್ತನೆಯದು ಇನ್ನೊಂದು ಅರ್ಧದಿಂದ. ಹೆಚ್ಚಾದ ಎರಡು ಸ್ಟಿಚ್ ಎರಡು ಅರ್ಧಕ್ಕೆ ಸಮನಾಗಿ ಹಂಚಿಹೋಗುತ್ತವೆ. ಹತ್ತನೇ ಸಾಲಿನ ಕೊನೆಗೆ ಅವರ ಪಾಲುಗಳು 19, 26, 36, 26, 19. ಮಡಚಿ ನೋಡಿದರೆ ಎಡಬಲ ಸರಿಸಮ. ಒಂದು ಸ್ಟಿಚ್ ಎಂದರೆ ನಿಮ್ಮ ಅಳತೆಯಲ್ಲಿ (10 ಸೆಂಟಿಮೀಟರಿಗೆ 18) ಅರ್ಧ ಸೆಂಟಿಮೀಟರಿಗಿಂತ ಚೂರು ಹೆಚ್ಚು ಅಷ್ಟೇ, ಅಳತೆ ಪಟ್ಟಿಯಲ್ಲೂ ಸಿಗುವುದಿಲ್ಲ. ನನಗೆ ಈ ತಪ್ಪಿನಲ್ಲಿ ಎಲ್ಲಕ್ಕಿಂತ ಕಿರಿಕಿರಿ ಆದದ್ದು ಇದೇ. ಒಂದೇ ಕಡೆ ಎರಡು ಸೇರಿದ್ದರೆ ಯಾರಾದರೂ ಬೇಗ ಹಿಡಿಯುತ್ತಿದ್ದರು.

ಸಿಕ್ಕಿಬೀಳುವುದು ಫ್ರಾಕಿನ ಕೆಳಭಾಗದಲ್ಲಿ. ಹನ್ನೊಂದರಲ್ಲಿ ತೋಳುಗಳನ್ನು ಬಿಟ್ಟು, ಕಂಕುಳಿಗೆ ಆರಾರು ಚೈನ್ ಹಾಕಿ, ಬೆನ್ನನ್ನು ಜೋಡಿಸಿ ಸುತ್ತು ಮಾಡಿದಾಗ 18, 6, 36, 6, 18 ಸೇರಿ 84 ಆಗಬೇಕು. ಹನ್ನೆರಡನೇ ಸುತ್ತಿನ ಬೀಸಣಿಗೆ ಆರು ಸ್ಟಿಚ್‌ನ ಮೇಲೆ ಕೂರುತ್ತದೆ: ಎರಡು ಬಿಟ್ಟು, ಒಂದರಲ್ಲಿ ಐದು ಡಬಲ್, ಎರಡು ಬಿಟ್ಟು, ಒಂದರಲ್ಲಿ ಸಿಂಗಲ್. 84ರಲ್ಲಿ ಸರಿಯಾಗಿ 14 ಬೀಸಣಿಗೆ. ತಪ್ಪಿದವರ ಕೈಯಲ್ಲಿ 86 ಇರುತ್ತದೆ, 14 ಬೀಸಣಿಗೆ ಮುಗಿದು ಎರಡು ಸ್ಟಿಚ್ ಉಳಿಯುತ್ತದೆ, ಸುತ್ತು ಕೂಡುವುದಿಲ್ಲ. ಹನ್ನೆರಡರ ಮೇಲೆ ದೂರು ಬಂದದ್ದು ಹೀಗೆ. ತಪ್ಪು ನಡೆದದ್ದು ಅದಕ್ಕಿಂತ ಆರು ಸಾಲು ಮೇಲೆ.

ಚಿತ್ರ ನೋಡಿ ಹೆಣೆದವರಿಗೆ ತೊಂದರೆ ಇಲ್ಲ

ನಮ್ಮ ಪಕ್ಕದ ಮನೆಯ ಚೇಚಿ ಕೂಡ ಇದೇ ಫ್ರಾಕ್ ಹೆಣೆದರು. ಕಾಸರಗೋಡಿನಲ್ಲೇ ಹುಟ್ಟಿ ಬೆಳೆದರೂ ಓದಿದ್ದು ಮಲಯಾಳ ಶಾಲೆಯಲ್ಲಿ, ಕನ್ನಡ ಮಾತಾಡುತ್ತಾರೆ, ಓದುವುದಿಲ್ಲ. ನಿಮ್ಮ ಪ್ಯಾಟರ್ನಿನ ಕೊನೆಯಲ್ಲಿರುವ ಚಿತ್ರ ಮಾತ್ರ ನೋಡಿ ಕೆಲಸ ಮಾಡಿದ್ದು. ಅವರಿಗೆ ಆರರಲ್ಲಿ 92, ಒಂಬತ್ತರಲ್ಲಿ 116, ಹತ್ತರಲ್ಲಿ 124, ಕೆಳಗೆ 14 ಬೀಸಣಿಗೆ. “ಎಂತ ತೊಂದರೆ? ಎಲ್ಲ ಸರಿ ಉಂಟಲ್ಲ” ಎಂದರು.

ಆಗ ಚಿತ್ರವನ್ನೂ ಬರಹವನ್ನೂ ಪಕ್ಕಪಕ್ಕ ಇಟ್ಟು ಕೂತೆ. ಚಿತ್ರದಲ್ಲಿ ಆರನೇ ಸಾಲು 3 ಚೈನ್‌ನ ಗುರುತು, ಆಮೇಲೆ ಹನ್ನೆರಡು ಡಬಲ್‌ನ ಗುರುತು, ಆಮೇಲೆ ಮೂಲೆ. ಒಂಬತ್ತರಲ್ಲಿ 3 ಚೈನ್, ಹದಿನೈದು ಡಬಲ್, ಮೂಲೆ. ಅಂದರೆ ನಿಮ್ಮ ವಿನ್ಯಾಸದಲ್ಲಿ ದೋಷ ಇಲ್ಲ, ಅದನ್ನು ಮಾತಿಗೆ ಇಳಿಸಿದಲ್ಲಿ ಇದೆ.

ತಪ್ಪಿದ್ದು ಆರರಲ್ಲಿ ಮತ್ತು ಒಂಬತ್ತರಲ್ಲಿ ಮಾತ್ರ. ಈ ಎರಡು ಸಾಲಿಗೆ ಬೇರೆ ಯಾವುದಕ್ಕೂ ಇಲ್ಲದ ಒಂದು ಗುಣ ಉಂಟು: ಎರಡೂ ಹೊಸ ಬಣ್ಣದಿಂದ ಸುರುವಾಗುತ್ತವೆ. ಇದು ಬರೇ ಕೂಡುವ ತಪ್ಪಾಗಿದ್ದರೆ ಎಲ್ಲಿ ಬೇಕಾದರೂ ಬರಬಹುದಿತ್ತು. ಈಗ ಬರಹದಿಂದ ಆ 3 ಚೈನ್‌ನ ಲೆಕ್ಕ ತೆಗೆದು ಇನ್ನೊಮ್ಮೆ ಕೂಡಿ:

```
ಸಾಲು 6:  13 + 16 + 26 + 16 + 13 + 8 = 92
ಸಾಲು 9:  16 + 22 + 32 + 22 + 16 + 8 = 116
```

ಕಂಸದ ಮೊತ್ತ ತಾನಾಗಿ ಬಂತು. ನನ್ನ ಊಹೆ ಹೀಗೆ: ಮೊದಲ ಕರಡಿನಲ್ಲಿ ನೀವು ಬಣ್ಣ ಬದಲಿಸುವಲ್ಲಿ ಚೈನ್ ಇಲ್ಲದೆ, ಹೊಸ ನೂಲಿನ ಗಂಟನ್ನು ಕಡ್ಡಿಗೆ ಹಾಕಿಕೊಂಡು ನೇರವಾಗಿ ಮೊದಲ ಸ್ಟಿಚ್‌ನಲ್ಲೇ ಡಬಲ್ ಹೆಣೆಯುವ ರೀತಿ ಬರೆದಿರಬೇಕು, ಸ್ಟ್ಯಾಂಡಿಂಗ್ ಸ್ಟಿಚ್ ಅನ್ನುತ್ತಾರಲ್ಲ, ಅದು. ಆಗ 13 ಎಂದರೆ ಮೊದಲನೆಯದೂ ಸೇರಿ 13, ಲೆಕ್ಕ ಸರಿ. ಆಮೇಲೆ ಹೊಸಬರಿಗೆ ಸುಲಭ ಆಗಲಿ ಎಂದು ಎಲ್ಲ ಸಾಲಿನ ಹಾಗೆ ಇಲ್ಲಿಗೂ “3 ಚೈನ್ (1 ಡಬಲ್ ಎಂದು ಲೆಕ್ಕ)” ಸೇರಿಸಿದ್ದೀರಿ, ಪಕ್ಕದ ಸಂಖ್ಯೆಯಿಂದ ಒಂದು ಕಳೆಯುವುದು ಉಳಿದುಹೋಯಿತು. ಹಳೆಯ ಕರಡು ನಿಮ್ಮ ಹತ್ತಿರ ಇದ್ದರೆ ಒಮ್ಮೆ ನೋಡಿ.

ತಿದ್ದುಪಡಿ

ಎರಡು ಸಾಲನ್ನು ಹೀಗೆ ಬದಲಿಸಬಹುದು:

“ಸಾಲು 6: ಹೊಸ ಬಣ್ಣದ ನೂಲು ಸೇರಿಸಿ. 3 ಚೈನ್ (1 ಡಬಲ್ ಎಂದು ಲೆಕ್ಕ), ಮೊದಲ ಡಬಲ್ ಬಿಟ್ಟು ಮುಂದಿನ 12 ಡಬಲ್‌ಗಳಲ್ಲಿ ತಲಾ 1 ಡಬಲ್, ಮೂಲೆ, 16 ಡಬಲ್, ಮೂಲೆ, 26 ಡಬಲ್, ಮೂಲೆ, 16 ಡಬಲ್, ಮೂಲೆ, 13 ಡಬಲ್. ಕೊನೆಯದು ಹಿಂದಿನ ಸಾಲಿನ 3 ಚೈನ್‌ನ ತಲೆಯಲ್ಲಿ. (14, 18, 28, 18, 14: ಒಟ್ಟು 92)”

“ಸಾಲು 9: ಹೊಸ ಬಣ್ಣದ ನೂಲು ಸೇರಿಸಿ. 3 ಚೈನ್ (1 ಡಬಲ್ ಎಂದು ಲೆಕ್ಕ), ಮೊದಲ ಡಬಲ್ ಬಿಟ್ಟು ಮುಂದಿನ 15 ಡಬಲ್‌ಗಳಲ್ಲಿ ತಲಾ 1 ಡಬಲ್, ಮೂಲೆ, 22 ಡಬಲ್, ಮೂಲೆ, 32 ಡಬಲ್, ಮೂಲೆ, 22 ಡಬಲ್, ಮೂಲೆ, 16 ಡಬಲ್; ಕೊನೆಯದು ಹಿಂದಿನ ಸಾಲಿನ 3 ಚೈನ್‌ನ ತಲೆಯಲ್ಲಿ. (17, 24, 34, 24, 17: ಒಟ್ಟು 116)”

ಕಂಸದಲ್ಲಿ ಪಾಲುಗಳನ್ನೂ ಬರೆದದ್ದು ನನ್ನ ಸೇರ್ಪಡೆ. ಬರೇ ಒಟ್ಟು ಇದ್ದರೆ ತಪ್ಪಿದವರಿಗೆ ತಪ್ಪಿದೆ ಎಂದು ಗೊತ್ತಾಗುತ್ತದೆ, ಎಲ್ಲಿ ಎಂದು ಗೊತ್ತಾಗುವುದಿಲ್ಲ. ಜಾಗ ಸಾಲದಿದ್ದರೆ ಬಣ್ಣ ಬದಲಾಗುವ ಈ ಎರಡು ಸಾಲಿಗೆ ಮಾತ್ರವಾದರೂ ಇಡಿ.

13 ಅನ್ನು ಹಾಗೇ ಇಟ್ಟು “ಈ ಸಾಲಿನಲ್ಲಿ 3 ಚೈನ್ ಲೆಕ್ಕಕ್ಕಿಲ್ಲ” ಎಂದು ಬರೆದರೂ ಕಾಗದದ ಮೇಲೆ 92 ಸರಿಹೋಗುತ್ತದೆ. ಅದು ಬೇಡ ಎನ್ನುತ್ತೇನೆ. ಆಗ ಮೊದಲ ಸ್ಟಿಚ್‌ನಿಂದಲೇ 3 ಚೈನ್ ಮತ್ತು ಒಂದು ಡಬಲ್ ಎರಡೂ ಏಳುತ್ತವೆ, ಅಂಚು ಅಲ್ಲಿ ಉಬ್ಬುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಮುಂದಿನ ಸಾಲಿನಲ್ಲಿ: ಉಳಿದ ಎಲ್ಲ ಕಡೆ 3 ಚೈನ್‌ನ ತಲೆಯಲ್ಲಿ ಮುಗಿಸಿ ಅಭ್ಯಾಸ ಆದವರು ಏಳರ ಕೊನೆಯಲ್ಲೂ ಹಾಗೆ ಮಾಡಿ, ನಾವು ತೆಗೆದ ಹೆಚ್ಚುವರಿಯನ್ನು ವಾಪಸ್ ತರುತ್ತಾರೆ. ಚೈನ್ ಇಲ್ಲದ ಹಳೆಯ ರೀತಿಗೇ ಹೋಗುವುದಾದರೆ ಅಡ್ಡಿ ಇಲ್ಲ, ಅಂಚು ಇನ್ನೂ ಚಂದ ಬರುತ್ತದೆ. ಆದರೆ ಆಗ 3 ಚೈನ್‌ನ ಮಾತನ್ನು ಎರಡೂ ಸಾಲಿನಿಂದ ಪೂರ್ತಿ ತೆಗೆಯಬೇಕು, ಗಂಟಿನಿಂದ ಡಬಲ್ ಎತ್ತುವುದನ್ನು ವಿವರಿಸಬೇಕು, ಚಿತ್ರವನ್ನೂ ಬದಲಿಸಬೇಕು. ಹೊಸಬರಿಗೆ ಎಂದು ಮಾಡಿದ ಪ್ಯಾಟರ್ನಿಗೆ ಅಷ್ಟು ಬೇಕಾ ಎಂಬುದು ನಿಮಗೆ ಬಿಟ್ಟದ್ದು.

ಈಗಾಗಲೇ ಹೆಣೆದವರಿಗೆ

ಏಳನೇ ಸಾಲಿನಲ್ಲಿ ಇರುವವರು ಬಿಚ್ಚುವುದೇ ಒಳ್ಳೆಯದು. ಹೆಚ್ಚಾದದ್ದು ಆರನೇ ಸಾಲಿನ ಸುರುವಿನಲ್ಲೇ ಇರುವ ಕಾರಣ ಆ ಸಾಲು ಪೂರ್ತಿ ಹೋಗುತ್ತದೆ, ಅದು ಬೇಸರದ ವಿಷಯವೇ. ಬಿಚ್ಚಲು ಮನಸ್ಸಿಲ್ಲದಿದ್ದರೆ ಏಳರ ಕೊನೆಯ ಪಾಲಿನಲ್ಲಿ, ಮೂಲೆ ದಾಟಿದ ಕೂಡಲೇ ಬರುವ ಎರಡು ಸ್ಟಿಚ್‌ಗಳ ಮೇಲೆ ಡಬಲ್‌ಗಳನ್ನು ಅರ್ಧರ್ಧ ಹೆಣೆದು ಒಟ್ಟಿಗೆ ಮುಗಿಸಲಿ. 101 ಆಗಬೇಕಾದದ್ದು 100 ಆಗುತ್ತದೆ, ಮುಂದೆ ತಿದ್ದಿದ ಒಂಬತ್ತನೇ ಸಾಲು ಹಿಡಿದರೆ ಸಾಕು. ಅಂಚಿನಲ್ಲಿ ಮಾತ್ರ ಕಡಿಮೆ ಮಾಡಬಾರದು, ಅಲ್ಲಿ ಗುಂಡಿಪಟ್ಟಿ ಬರುತ್ತದೆ, ಅಂಚು ಒಳಗೆ ಸರಿದರೆ ಪಟ್ಟಿ ಸೊಟ್ಟ.

ಯೋಕ್ ಮುಗಿಸಿ 126 ಕೈಯಲ್ಲಿ ಹಿಡಿದುಕೊಂಡವರು ಹನ್ನೊಂದನೇ ಸುತ್ತಿನಲ್ಲಿ ಬೆನ್ನಿನ ಪ್ರತಿ ಅರ್ಧದಲ್ಲೂ ಕಂಕುಳಿನ ಹತ್ತಿರ ಒಮ್ಮೆ ಹೀಗೆ ಎರಡನ್ನು ಒಂದು ಮಾಡಿದರೆ 84 ಸಿಗುತ್ತದೆ, ಬೀಸಣಿಗೆ ಕೂರುತ್ತದೆ. ಇದು ಲೆಕ್ಕಕ್ಕೆ ಮಾತ್ರ ಮದ್ದು. ಆರು ಮತ್ತು ಒಂಬತ್ತರ ಮೂಲೆಯ ಕೊಂಕು ಹಾಗೇ ಉಳಿಯುತ್ತದೆ. ಮನೆಯ ಮಗುವಿಗೆ ತೊಟ್ಟಿಲಿನ ದಿನ ಹಾಕುವುದಾದರೆ ಯಾರೂ ನೋಡುವುದಿಲ್ಲ. ಮಾರಾಟಕ್ಕೆ ಅಥವಾ ನಿಮ್ಮ ಪ್ಯಾಟರ್ನಿನ ಫೋಟೋಗೆ ಆದರೆ ಬಿಚ್ಚಲೇಬೇಕು.

ದೊಡ್ಡ ಅಳತೆಯಲ್ಲೂ ಇದೇ ಕೆಲಸ ಆಗಿದೆ. ಅದನ್ನು ನಾನು ಹೆಣೆದಿಲ್ಲ, ಕಾಗದದ ಮೇಲೆ ಕೂಡಿದ್ದು ಅಷ್ಟೇ. ಅದರಲ್ಲಿ ಐದನೇ ಸಾಲಿನ ಬೆನ್ನು 15, ಆರರಲ್ಲಿ 3 ಚೈನ್‌ನ ಪಕ್ಕ 15 ಎಂದೇ ಇದೆ, 14 ಆಗಬೇಕು. ಒಂಬತ್ತರಲ್ಲಿ 18 ಇದ್ದಲ್ಲಿ 17. ಬೇರೆ ಸಾಲುಗಳನ್ನೂ ಕೂಡಿ ನೋಡಿದೆ, ಯಾವುದರಲ್ಲೂ ಬಳಕೆ ತಪ್ಪಿಲ್ಲ.

ಗುಂಡಿಪಟ್ಟಿಯ ಲೆಕ್ಕ ಮುಟ್ಟಬೇಡಿ. ಸಾಲಿನ ಅಂಚಿಗೆ ಎರಡು ಸಿಂಗಲ್‌ನಂತೆ ಹತ್ತು ಸಾಲಿಗೆ 20 ಎಂದು ಬರೆದದ್ದು ಸರಿಯಾಗಿಯೇ ಬಂತು. ತಿದ್ದಿದ ಪ್ರತಿ ಕಳಿಸುವಾಗ ಹೆಸರಿನ ಪಕ್ಕ ತಾರೀಕು ಹಾಕಿ, ಹಳೆಯದು ಇಟ್ಟುಕೊಂಡವರಿಗೆ ಯಾವುದು ಹೊಸತು ಎಂದು ಗೊತ್ತಾಗಲಿ. ನಾನು ಈಗ ಹದಿನೈದನೇ ಸುತ್ತಿನಲ್ಲಿದ್ದೇನೆ.